ಸ್ಟ್ಯಾಂಡ್‌ಅಪ್ ಮಿನಿಟ್ಸ್: ಕರೆಂಟ್ ಹೋಗಿ ಕಾಲ್ ತಪ್ಪಿಸಿಕೊಂಡವರಿಗೂ ಅರ್ಥವಾಗುವಂತೆ ಬರೆಯುವುದು ಹೇಗೆ

ಕೊಡಗಿನಲ್ಲಿ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಇದು ಗೊತ್ತಿರುವ ಸಂಗತಿ. ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡ್‌ಅಪ್. ಮಡಿಕೇರಿಯವರು ಬಂದಿರುತ್ತಾರೆ, ಕುಶಾಲನಗರದವರು ಬಂದಿರುತ್ತಾರೆ, ಗೋಣಿಕೊಪ್ಪದವರು ಇರುವುದಿಲ್ಲ. ಲೈನ್ ಮೇಲೆ ಮರ ಬಿದ್ದಿದೆ, ಕರೆಂಟ್ ಇಲ್ಲ, ಟವರ್ ಕೂಡ ಸ್ವಲ್ಪ ಹೊತ್ತಿಗೆ ಕೈಕೊಟ್ಟಿದೆ. ಸಂಜೆ ನಾಲ್ಕಕ್ಕೆ ಅವರು ಲ್ಯಾಪ್‌ಟಾಪ್ ತೆರೆದಾಗ ಅವರ ಕೈಗೆ ಸಿಗುವುದು ಮಿನಿಟ್ಸ್ ಒಂದೇ. ಈ ಮಾರ್ಗದರ್ಶಿ ಪೂರ್ತಿ ಆ ಒಬ್ಬ ಓದುಗರನ್ನು ಮುಂದಿಟ್ಟುಕೊಂಡು ಬರೆದದ್ದು. ಅವರಿಗೆ ಉಪಯೋಗಕ್ಕೆ ಬಂದರೆ ಉಳಿದ ಎಲ್ಲರಿಗೂ ಬರುತ್ತದೆ.

ಬರೆದು ಮುಗಿಸಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಕಾಲ್‌ನಲ್ಲಿ ಇಲ್ಲದವರು ಇದನ್ನು ಒಂದು ನಿಮಿಷದಲ್ಲಿ ಓದಿದರೆ, ಇವತ್ತು ತಾವು ಮಾಡಬೇಕಾದ ಕೆಲಸ ಬದಲಾಗಿದೆಯೋ ಇಲ್ಲವೋ ಅಂತ ಅವರಿಗೆ ಗೊತ್ತಾಗುತ್ತದಾ? ಗೊತ್ತಾಗದಿದ್ದರೆ ಎಷ್ಟು ಪುಟ ಬರೆದರೂ ಸುಮ್ನೆ.

## ಮೊದಲು, ಏನು ಬರೆಯಬಾರದು

ಮಿನಿಟ್ಸ್ ಉದ್ದವಾಗುವುದಕ್ಕೆ ದೊಡ್ಡ ಕಾರಣ "ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡ್ಡಿ ಇದೆ" ಎಂಬ ಮೂರು ಪ್ರಶ್ನೆ. ಪ್ರತಿಯೊಬ್ಬರ ಮೂರೂ ಉತ್ತರ ಬರೆದುಕೊಂಡರೆ ಆರು ಜನರ ಟೀಮಿಗೆ ದಿನಕ್ಕೆ ಹದಿನೆಂಟು ಸಾಲು ಆಯಿತು. ಅದರಲ್ಲಿ ಹೆಚ್ಚಿನದು ಟಿಕೆಟ್ ಬೋರ್ಡ್‌ನಲ್ಲಿ ಆಗಲೇ ಇರುತ್ತದೆ. ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯಲ್ಲಿ ಈ ಮೂರು ಪ್ರಶ್ನೆಗಳನ್ನೇ ಕೈಬಿಟ್ಟಿದ್ದಾರೆ. 15 ನಿಮಿಷದ ಮಿತಿ ಮಾತ್ರ ಹಾಗೇ ಇದೆ. ಮಾತಾಡುವಾಗ ಆ ಪ್ರಶ್ನೆಗಳನ್ನು ನೀವು ಇಟ್ಟುಕೊಳ್ಳಬಹುದು, ತೊಂದರೆ ಇಲ್ಲ. ಬರೆಯುವಾಗ ಬಿಟ್ಟುಬಿಡಿ.

ಬೋರ್ಡ್ ನೋಡಿದರೆ ಗೊತ್ತಾಗುವುದನ್ನು ಮಿನಿಟ್ಸ್‌ನಲ್ಲಿ ಮತ್ತೆ ಬರೆಯಬೇಡಿ. ಬೋರ್ಡ್‌ನಲ್ಲಿ ಎಷ್ಟು ಹುಡುಕಿದರೂ ಸಿಗದ ಮೂರು ವಿಷಯ ಇವೆ. ಕಾಲ್‌ನಲ್ಲಿ ಏನು ತೀರ್ಮಾನವಾಯಿತು ಮತ್ತು ಯಾಕೆ. ಯಾರು ಯಾವ ಕೆಲಸ ಯಾವತ್ತಿಗೆ ಮಾಡುತ್ತೇನೆ ಅಂತ ಒಪ್ಪಿಕೊಂಡರು. ಯಾವ ಕೆಲಸ ಯಾರಿಗಾಗಿ ಕಾಯುತ್ತಾ ನಿಂತಿದೆ. ಇಷ್ಟನ್ನೇ ಬರೆಯಿರಿ. ಜೊತೆಗೆ ಯಾರು ಕಾಲ್‌ನಲ್ಲಿ ಇರಲಿಲ್ಲ ಅನ್ನುವ ಒಂದು ಸಾಲು. ಅದು ಹಾಜರಿ ಪುಸ್ತಕ ಅಲ್ಲ, "ಈ ತೀರ್ಮಾನ ಇವರಿಗೆ ಇನ್ನೂ ಗೊತ್ತಿಲ್ಲ" ಅನ್ನುವ ಗುರುತು.

## ಕಾಲ್‌ಗೆ ಮೊದಲು ಎರಡು ನಿಮಿಷ

ಬರೆಯುವವರು ಯಾರು ಅಂತ ಮೊದಲೇ ತೀರ್ಮಾನವಾಗಿರಬೇಕು. ಟೀಮ್ ಲೀಡ್ ಬರೆಯದಿದ್ದರೆ ಒಳ್ಳೆಯದು. ಅವರು ಮಾತಾಡಬೇಕು, ಪ್ರಶ್ನೆ ಕೇಳಬೇಕು, ಜೊತೆಗೆ ಬರೆಯುವುದೂ ಅಂದರೆ ಎರಡೂ ಅರ್ಧಂಬರ್ಧ ಆಗುತ್ತದೆ. ಸರದಿ ಹಾಕುವುದಾದರೆ ದಿನಕ್ಕೊಬ್ಬರ ಬದಲು ವಾರಕ್ಕೊಬ್ಬರು ಇರಲಿ. ಸೋಮವಾರದ ಅಡಚಣೆ ಗುರುವಾರ ಏನಾಯಿತು ಅಂತ ಕೇಳುವುದಕ್ಕೆ ಸೋಮವಾರ ಬರೆದವರಿಗೇ ಸುಲಭ.

ಕಾಲ್‌ಗೆ ಮೊದಲು ನಿನ್ನೆಯ ಮಿನಿಟ್ಸ್ ತೆರೆಯಿರಿ. ಮುಗಿಯದೆ ಉಳಿದ ಕೆಲಸ ಮತ್ತು ಅಡಚಣೆಗಳನ್ನು ಇವತ್ತಿನ ಪುಟಕ್ಕೆ ತಂದಿಡಿ. ಕಾಲ್ ಶುರುವಾದಾಗ ನಿಮ್ಮ ಮುಂದೆ ಖಾಲಿ ಪುಟ ಇರಬಾರದು. ಪಟ್ಟಿ ಮುಂದೆ ಇದ್ದರೆ ಒಂದು ಸಾಲನ್ನು ಅಳಿಸುವುದು, ಇನ್ನೊಂದನ್ನು ತಿದ್ದುವುದು, ಅಷ್ಟೇ ಕೆಲಸ.

ಕಾಲ್ ನಡೆಯುವಾಗಲೇ ಬರೆಯಿರಿ. "ಆಮೇಲೆ ಬರೆದು ಹಾಕ್ತೀನಿ" ಅಂದುಕೊಂಡರೆ ಊಟದ ಹೊತ್ತಿಗೆ ಮುಖ್ಯವಾದ ಒಂದು ಮಾತು ಮರೆತಿರುತ್ತದೆ.

## ಒಂದು ಸ್ಟ್ಯಾಂಡ್‌ಅಪ್ ಹತ್ತಿರದಿಂದ ನೋಡೋಣ

ಉದಾಹರಣೆಗೆ ಒಂದು ಟೀಮ್ ಇಟ್ಟುಕೊಳ್ಳೋಣ. ಆರು ಜನ. ಕಾಫಿ ಖರೀದಿ ಮಾಡುವ ಕಡೆ ಚೀಲ ತೂಗಿ ಫೋನಿನಲ್ಲಿ ಚೀಟಿ ಮಾಡುವ ಆ್ಯಪ್ ಕಟ್ಟುತ್ತಿದ್ದಾರೆ. ನವೆಂಬರ್ ನಡುವೆ. ಅರೇಬಿಕಾ ಕೊಯ್ಲು ಶುರುವಾಗುವ ಸಮಯ, ಹಾಗಾಗಿ ಎಲ್ಲರಿಗೂ ಅವಸರ. ಕಾಲ್‌ನಲ್ಲಿ ಹೀಗೆ ಮಾತಾಯಿತು ಅಂದುಕೊಳ್ಳಿ.

ಮೊಬೈಲ್ ಕೆಲಸ ನೋಡುವವರು ಹೇಳಿದರು: "ಸಿಂಕ್ ಕೆಲಸ ನಿನ್ನೆ ಮುಗೀತು. ಆದ್ರೆ ನಾಪೋಕ್ಲು ಕಡೆ ಟ್ರೈ ಮಾಡ್ದಾಗ ಒಂದೇ ಚೀಲಕ್ಕೆ ಎರಡು ಚೀಟಿ ಬಂತು. ನೆಟ್‌ವರ್ಕ್ ಮಧ್ಯೆ ಹೋಗಿ ಬಂದಾಗ ಆಗ್ತಿದೆ."

ಸರ್ವರ್ ನೋಡುವವರು: "ಚೀಟಿ ನಮಗೆ ಬಂದಿರತ್ತೆ, ಆದ್ರೆ ನಾವು ಕೊಡೋ ಉತ್ತರ ಫೋನಿಗೆ ಮುಟ್ಟೋ ಮೊದ್ಲೇ ನೆಟ್ ಹೋಗಿರತ್ತೆ. ಬಂದಿಲ್ಲ ಅಂತ ಆ್ಯಪ್ ಮತ್ತೆ ಕಳಿಸತ್ತೆ. ಎರಡನೇದು ನಮಗೆ ಹೊಸ ಚೀಟಿ ಥರಾನೇ ಕಾಣತ್ತೆ."

ಟೆಸ್ಟಿಂಗ್‌ನವರು: "ತೋಟ, ತೂಕ, ಸಮಯ ಮೂರೂ ಒಂದೇ ಇದ್ರೆ ಒಂದನ್ನ ತೆಗೆದುಹಾಕಬಹುದಲ್ವಾ?"

ಮೊಬೈಲ್‌ನವರು: "ಆಗಲ್ಲ. ಒಂದೇ ತೋಟದ ಐವತ್ತು ಕೆಜಿ ಚೀಲಗಳನ್ನ ಸಾಲಾಗಿ ತೂಗ್ತಾರೆ. ಒಂದೇ ನಿಮಿಷದಲ್ಲಿ ಎರಡು ಚೀಲ ಒಂದೇ ತೂಕ ಬರಬಹುದು. ಆಗ ನಿಜವಾದ ಚೀಲಾನೇ ಮಾಯ ಆಗತ್ತೆ, ಬೆಳೆಗಾರರಿಗೆ ನಷ್ಟ."

ಇನ್ನೂ ಐದು ನಿಮಿಷ ಮಾತಾದ ಮೇಲೆ ಒಂದು ದಾರಿ ಸಿಕ್ಕಿತು. ಪ್ರತಿ ಚೀಟಿಗೂ ಒಂದು ನಂಬರ್ ಫೋನಿನಲ್ಲೇ ಹುಟ್ಟಬೇಕು. ಎಷ್ಟು ಸಲ ಕಳಿಸಿದರೂ ಅದೇ ನಂಬರ್. ಆ ನಂಬರ್ ಆಗಲೇ ಬಂದಿದ್ದರೆ ಸರ್ವರ್ ಹೊಸದು ಮಾಡದೆ ಹಳೆಯ ಚೀಟಿಯನ್ನೇ ವಾಪಸ್ ಕೊಡಬೇಕು. ರಿಪೋರ್ಟ್ ಮಾಡುವವರು ಮಾತ್ರ ಗೋಣಿಕೊಪ್ಪದಲ್ಲಿ ಕರೆಂಟ್ ಇಲ್ಲದೆ ಕಾಲ್‌ಗೆ ಬಂದಿರಲಿಲ್ಲ.

ಸಾಮಾನ್ಯವಾಗಿ ಇದರ ಮಿನಿಟ್ಸ್ ಹೀಗೆ ಬರುತ್ತದೆ: "ಡಬಲ್ ಚೀಟಿ ಸಮಸ್ಯೆ ಬಗ್ಗೆ ಚರ್ಚೆ ಆಯಿತು. ಮೊಬೈಲ್ ಮತ್ತು ಸರ್ವರ್ ಟೀಮ್ ಆದಷ್ಟು ಬೇಗ ಸರಿಪಡಿಸಲಿದ್ದಾರೆ." ಚಿಕ್ಕದೇನೋ ಹೌದು. ಆದರೆ ಇದನ್ನು ಓದಿದ ರಿಪೋರ್ಟ್‌ನವರಿಗೆ ಏನು ಗೊತ್ತಾಯಿತು? ಏನೂ ಇಲ್ಲ. ಅವರು ಸಂಜೆ ಕೂತು, ತೋಟ, ತೂಕ, ಸಮಯ ಒಂದೇ ಇರುವ ಚೀಟಿಗಳನ್ನು ತಮ್ಮ ರಿಪೋರ್ಟ್‌ನಲ್ಲಿ ತಾವೇ ತೆಗೆದುಹಾಕಲು ಕೋಡ್ ಬರೆಯಬಹುದು. ಬೆಳಿಗ್ಗೆ ಟೀಮ್ ಬೇಡ ಅಂದ ದಾರಿಯೇ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು.

ಅದೇ ಕಾಲ್‌ನ ಮಿನಿಟ್ಸ್ ಹೀಗಿರಬಹುದು. ಇಲ್ಲಿ ಹೆಸರಿನ ಜಾಗದಲ್ಲಿ ಅವರು ನೋಡುವ ಕೆಲಸ ಬರೆದಿದ್ದೇನೆ. ನೀವು ಒಬ್ಬರ ಹೆಸರೇ ಬರೆಯಿರಿ.

```
ಮಂಗಳವಾರ, ನವೆಂಬರ್ 18
ಇಲ್ಲದವರು: ರಿಪೋರ್ಟ್

ತೀರ್ಮಾನ: ಚೀಟಿ ನಂಬರ್ ಫೋನಿನಲ್ಲೇ ಹುಟ್ಟಬೇಕು.
  ಅದೇ ನಂಬರ್ ಮತ್ತೆ ಬಂದರೆ ಸರ್ವರ್ ಹಳೆಯ
  ಚೀಟಿಯನ್ನೇ ಕೊಡಬೇಕು.
ಬೇಡ ಅಂದದ್ದು: ತೋಟ+ತೂಕ+ಸಮಯ ನೋಡಿ ಅಳಿಸುವುದು.
  ಒಂದೇ ನಿಮಿಷದಲ್ಲಿ ಎರಡು ಚೀಲ ಒಂದೇ ತೂಕ ಬರಬಹುದು.

ಕೆಲಸ:
  ಸರ್ವರ್ – ನಂಬರ್ ಪರೀಕ್ಷೆ – ಗುರು 20 – KP-142
  ಮೊಬೈಲ್ – ನಂಬರ್ ಹಾಕುವುದು – ಗುರು 20 – KP-143
  ಟೆಸ್ಟ್ – ಕಳಿಸುವಾಗ ನೆಟ್ ಆಫ್ ಮಾಡಿ 20 ಚೀಲ;
    ಸರ್ವರ್‌ನಲ್ಲಿ 20 ಚೀಟಿಯೇ ಇರಬೇಕು – ಶುಕ್ರ 21 – KP-144

ರಿಪೋರ್ಟ್ ಗಮನಕ್ಕೆ: ಡಬಲ್ ಚೀಟಿ ನಿಮ್ಮ ಕಡೆ ಅಳಿಸಬೇಡಿ.

ಅಡಚಣೆ: ಪ್ರಿಂಟರ್ ಕಂಪನಿಯಿಂದ ಶುಕ್ರ 14ರಿಂದ ಉತ್ತರ
  ಇಲ್ಲ. ಇವತ್ತು 3 ಗಂಟೆಗೆ ಲೀಡ್ ಫೋನ್ ಮಾಡುತ್ತಾರೆ.
```

ಹದಿನೈದು ನಿಮಿಷದ ಮಾತು ಇಷ್ಟಕ್ಕೆ ಇಳಿಯಿತು. ಯಾರು ಏನು ವಾದ ಮಾಡಿದರು ಅನ್ನುವುದು ಇಲ್ಲಿ ಇಲ್ಲ, ಬೇಕಾಗಿಯೂ ಇಲ್ಲ. ಇದರ ಒಂದೊಂದು ಭಾಗವನ್ನು ಈಗ ನೋಡೋಣ.

## ತೀರ್ಮಾನದ ಜೊತೆ ಕೈಬಿಟ್ಟ ದಾರಿಯನ್ನೂ ಬರೆಯಿರಿ

ನನ್ನ ಪ್ರಕಾರ ಇಡೀ ಮಿನಿಟ್ಸ್‌ನಲ್ಲಿ ಅತಿ ಬೆಲೆಬಾಳುವ ಸಾಲು "ಬೇಡ ಅಂದದ್ದು". ತೀರ್ಮಾನವನ್ನು ಎಲ್ಲರೂ ಬರೆಯುತ್ತಾರೆ. ಯಾವುದನ್ನು ಬಿಟ್ಟೆವು, ಯಾಕೆ ಬಿಟ್ಟೆವು ಅಂತ ಬರೆಯುವವರು ಕಡಿಮೆ. ಮೂರು ತಿಂಗಳು ಕಳೆದ ಮೇಲೆ, ರೋಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ, ಟೀಮಿಗೆ ಹೊಸದಾಗಿ ಬಂದವರು "ತೂಕ, ಸಮಯ ಹೋಲಿಸಿದ್ರೆ ಸಾಕಿತ್ತಲ್ವಾ?" ಅಂತ ಕೇಳೇ ಕೇಳುತ್ತಾರೆ. ಆಗ ಅದೇ ಚರ್ಚೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಂದು ಸಾಲಿನ ಕಾರಣ ಇದ್ದರೆ ಅದನ್ನು ತೋರಿಸಿ ಮುಂದಕ್ಕೆ ಹೋಗಬಹುದು.

ಕಾರಣ ಒಂದೇ ವಾಕ್ಯದಲ್ಲಿರಲಿ. ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಆ ಚರ್ಚೆ ಸ್ಟ್ಯಾಂಡ್‌ಅಪ್‌ನದ್ದಲ್ಲ ಅಂತ ಅರ್ಥ. ಸಂಬಂಧಪಟ್ಟ ಇಬ್ಬರು ಮೂವರು ಬೇರೆ ಕೂತು ಮಾತಾಡಲಿ, ಬೇರೆ ಪುಟದಲ್ಲಿ ಬರೆಯಲಿ. ಮಿನಿಟ್ಸ್‌ನಲ್ಲಿ ಆ ಪುಟದ ಲಿಂಕ್ ಇದ್ದರೆ ಸಾಕು.

ಇನ್ನೊಂದು ಎಚ್ಚರಿಕೆ. ಎಲ್ಲರೂ ತಲೆ ಆಡಿಸಿದ ಮಾತ್ರಕ್ಕೆ ತೀರ್ಮಾನ ಆಗಿರುವುದಿಲ್ಲ. ಅದಕ್ಕೇ ಕಾಲ್‌ನ ಕೊನೆಯ ನಿಮಿಷ ಬರೆಯುವವರಿಗೆ ಮೀಸಲಿರಬೇಕು. "ತೀರ್ಮಾನ ಓದ್ತೀನಿ, ಸರಿನಾ ಹೇಳಿ" ಅಂತ ಬರೆದದ್ದನ್ನು ಜೋರಾಗಿ ಓದಿ. ಮೇಲಿನ ಉದಾಹರಣೆಯಲ್ಲೇ "ನಂಬರ್ ಸರ್ವರ್ ಕೊಡತ್ತೆ ಅಂತ ಅಲ್ವಾ ಅಂದುಕೊಂಡಿದ್ದು?" ಅಂತ ಯಾರಾದರೂ ಕೇಳಬಹುದು. ಆ ಗೊಂದಲ ಅಲ್ಲೇ ಹೊರಬಂದರೆ ಎರಡು ದಿನದ ಕೆಲಸ ಉಳಿಯಿತು.

## ಕೆಲಸದ ಸಾಲು: ಒಬ್ಬರು, ಒಂದು ದಿನ, ಮುಗಿದಿದೆ ಅನ್ನುವ ಗುರುತು

"ಟೀಮ್ ನೋಡುತ್ತದೆ" ಅಂತ ಬರೆದರೆ ಯಾರೂ ನೋಡುವುದಿಲ್ಲ. ಇಬ್ಬರು ಸೇರಿ ಮಾಡುವ ಕೆಲಸವಾದರೂ ಒಬ್ಬರ ಹೆಸರು ಬರೆಯಿರಿ. ಅವರೇ ಎಲ್ಲ ಮಾಡಬೇಕು ಅಂತಲ್ಲ, ಏನಾಯಿತು ಅಂತ ಕೇಳಿದಾಗ ಉತ್ತರ ಕೊಡುವವರು ಅವರು. ಮತ್ತೆ, ಕಾಲ್‌ನಲ್ಲಿ ಇಲ್ಲದವರ ತಲೆಗೆ ಕೆಲಸ ಕಟ್ಟಬೇಡಿ. ಬೇಕೇ ಬೇಕಾದರೆ "ಕೇಳಬೇಕು" ಅಂತ ಬರೆಯಿರಿ, ಕೇಳುವವರ ಹೆಸರು ಹಾಕಿ.

ದಿನಾಂಕದ ವಿಷಯದಲ್ಲಿ ನಮ್ಮ ಕಡೆ ಒಂದು ಅಭ್ಯಾಸ ಇದೆ. "ಹುತ್ತರಿಗೆ ಮುಂಚೆ ಮುಗಿಸೋಣ", "ಮಳೆ ನಿಂತ ಮೇಲೆ ಮಾಡೋಣ" ಅನ್ನುತ್ತೇವೆ. ಮಾತಿಗೆ ಚೆನ್ನಾಗಿದೆ, ಮಿನಿಟ್ಸ್‌ಗೆ ಆಗುವುದಿಲ್ಲ. ಹುತ್ತರಿ ನವೆಂಬರ್ ಕೊನೆಗೂ ಬರಬಹುದು, ಡಿಸೆಂಬರ್‌ಗೂ ಬರಬಹುದು. ಅದರ ದಿನ, ಮುಹೂರ್ತ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗಬೇಕು. ಬೆಂಗಳೂರಿನಲ್ಲಿ ಕೂತ ಟೀಮ್‌ಮೇಟ್‌ಗೆ ಅದು ಯಾವ ವಾರ ಅಂತಲೂ ಗೊತ್ತಿರುವುದಿಲ್ಲ. ಕ್ಯಾಲೆಂಡರ್‌ನಲ್ಲಿರುವ ದಿನಾಂಕ ಬರೆಯಿರಿ. ಹಬ್ಬದ ರಜೆ ಯಾರ್ಯಾರಿಗೆ ಇದೆ ಅನ್ನುವುದನ್ನು ನೋಡಿಕೊಂಡೇ ಬರೆಯಿರಿ.

ಕೆಲಸ ಮುಗಿದಿದೆ ಅಂತ ಹೇಗೆ ಗೊತ್ತಾಗಬೇಕು ಅನ್ನುವುದು ಪ್ರತಿ ಸಾಲಿಗೂ ಬೇಡ. ಸಣ್ಣ ಕೆಲಸಕ್ಕೆ ಟಿಕೆಟ್ ನಂಬರ್ ಸಾಕು. ಆದರೆ ಜಗಳಕ್ಕೆ ಅವಕಾಶ ಇರುವ ಕಡೆ ಬರೆಯಲೇಬೇಕು. ಟೆಸ್ಟ್ ಸಾಲು ನೋಡಿ: 20 ಚೀಲ ತೂಗಿ, ಕಳಿಸುವಾಗ ನೆಟ್ ಆಫ್ ಮಾಡಿ, ಸರ್ವರ್‌ನಲ್ಲಿ 20 ಚೀಟಿಯೇ ಇರಬೇಕು. 21 ಇದ್ದರೆ ಮುಗಿದಿಲ್ಲ, ಯಾಕೆಂದರೆ ಡಬಲ್ ಆಗಿದೆ. 19 ಇದ್ದರೂ ಮುಗಿದಿಲ್ಲ, ಯಾಕೆಂದರೆ ಒಂದು ಕಳೆದಿದೆ. ಬರೀ "ಡಬಲ್ ಚೀಟಿ ಟೆಸ್ಟ್ ಮಾಡುವುದು" ಅಂತ ಇದ್ದಿದ್ದರೆ 19 ಬಂದದ್ದನ್ನು ಯಾರೂ ಗಮನಿಸದೇ ಇರಬಹುದಿತ್ತು.

## ಅಡಚಣೆ

ಇದನ್ನು ಬರೆಯುವುದು ಸುಲಭ. ಯಾವತ್ತಿನಿಂದ ನಿಂತಿದೆ, ಯಾರಿಂದ ಏನು ಬರಬೇಕು, ಮುಂದೆ ಯಾರು ಯಾವಾಗ ವಿಚಾರಿಸುತ್ತಾರೆ. ಶುರುವಾದ ದಿನಾಂಕವನ್ನು ಬದಲಾಯಿಸಬೇಡಿ. "ಶುಕ್ರ 14ರಿಂದ" ಅನ್ನುವುದು ದಿನಾ ಹಾಗೇ ಮುಂದೆ ಬಂದರೆ ಎಷ್ಟು ಹಳೆಯದಾಯಿತು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

## ಕಳಿಸುವುದು, ಇಡುವುದು

ಕಾಲ್ ಮುಗಿದ ಹತ್ತು ನಿಮಿಷದೊಳಗೆ ಟೀಮಿನ ಚಾಟ್‌ಗೆ ಹಾಕಿ. ತೀರ್ಮಾನ ಓದಿ ಒಪ್ಪಿಗೆ ಆಗಿರುವುದರಿಂದ ತಿದ್ದಲು ಹೆಚ್ಚೇನೂ ಉಳಿದಿರುವುದಿಲ್ಲ.

ಬರೀ ಅಕ್ಷರವಾಗಿ ಹಾಕಿ. ಸ್ಕ್ರೀನ್‌ಶಾಟ್ ಬೇಡ, ಪಿಡಿಎಫ್ ಬೇಡ, ಲಾಗಿನ್ ಆದರೆ ಮಾತ್ರ ತೆರೆಯುವ ಲಿಂಕ್ ಒಂದನ್ನೇ ಕಳಿಸುವುದೂ ಬೇಡ. ಸಿಗ್ನಲ್ ಒಂದು ಕಡ್ಡಿ ಇರುವಾಗ ಹತ್ತು ಹದಿನೈದು ಸಾಲಿನ ಮೆಸೇಜ್ ಬಂದು ಮುಟ್ಟುತ್ತದೆ. ಚಿತ್ರ ಸುತ್ತುತ್ತಲೇ ಇರುತ್ತದೆ. ಅಕ್ಷರವಾಗಿದ್ದರೆ ಇನ್ನೊಂದು ಲಾಭ, ಆಮೇಲೆ `KP-142` ಅಂತ ಹುಡುಕಿದರೆ ಸಿಗುತ್ತದೆ.

ಚಾಟ್‌ನಲ್ಲಿ ಮಾತ್ರ ಇದ್ದರೆ ವಾರದೊಳಗೆ ಬೇರೆ ಮೆಸೇಜ್‌ಗಳ ಕೆಳಗೆ ಹೂತುಹೋಗುತ್ತದೆ. ಹಾಗಾಗಿ ಅದೇ ಅಕ್ಷರಗಳನ್ನು ಒಂದೇ ಪುಟದಲ್ಲಿ ಸೇರಿಸುತ್ತಾ ಹೋಗಿ, ಹೊಸದು ಮೇಲೆ ಬರಲಿ. ದಿನಕ್ಕೊಂದು ಹೊಸ ಫೈಲ್ ಮಾಡಬೇಡಿ.

ಬೆಳೆಗಾರರ ಹೆಸರು, ಫೋನ್ ನಂಬರ್, ಪಾಸ್‌ವರ್ಡ್ ಇವು ಮಿನಿಟ್ಸ್‌ಗೆ ಬರಲೇಬಾರದು. "ನಾಪೋಕ್ಲು ಕಡೆಯ ಟೆಸ್ಟ್ ಚೀಟಿ" ಅಂದರೆ ಸಾಕು, ಯಾರ ತೋಟ ಅಂತ ಬೇಡ.

## ವಾರದ ರಿವ್ಯೂ: ಐದು ದಿನ ಅಂಟಿಸಿದರೆ ಆಗುವುದಿಲ್ಲ

ದಿನದ ಮಿನಿಟ್ಸ್ ಟೀಮಿನವರಿಗೆ. ವಾರದ್ದನ್ನು ಓದುವವರು ಬೇರೆ: ಮ್ಯಾನೇಜರ್, ಕೆಲಸ ಕೊಟ್ಟ ಗ್ರಾಹಕರು, ಪಕ್ಕದ ಟೀಮ್. ಅವರಿಗೆ ತಿಳಿಯಬೇಕಾದ್ದು ಎರಡೇ. ಹೇಳಿದ ದಿನಕ್ಕೆ ಆಗುತ್ತದಾ? ಇಲ್ಲದಿದ್ದರೆ ಯಾವತ್ತಿಗೆ, ಮತ್ತು ನಾವು ಏನಾದರೂ ಮಾಡಬೇಕಾ? ಐದು ದಿನದ ಸಾಲುಗಳನ್ನು ಒಟ್ಟಿಗೆ ಅಂಟಿಸಿದರೆ ಈ ಉತ್ತರ ಅದರಲ್ಲೇ ಎಲ್ಲೋ ಕಳೆದುಹೋಗುತ್ತದೆ.

ನಮ್ಮ ಉದಾಹರಣೆಯನ್ನೇ ಮುಂದುವರಿಸೋಣ. ಶುಕ್ರವಾರ 21 ಬಂತು. ಸರ್ವರ್ ಕೆಲಸ ಗುರುವಾರವೇ ಮುಗಿದಿದೆ. ಮೊಬೈಲ್ ಕೆಲಸ ಮುಗಿದಿಲ್ಲ. ಕೇಳಿದರೆ "ತೊಂಬತ್ತು ಪರ್ಸೆಂಟ್ ಆಗಿದೆ" ಅಂತ ಉತ್ತರ. ಇದನ್ನು ಹಾಗೇ ಬರೆಯಬೇಡಿ. ಮುಂದಿನ ಶುಕ್ರವಾರವೂ ಅದು ತೊಂಬತ್ತೇ ಇರಬಹುದು. "ಉಳಿದಿರೋದು ಏನು?" ಅಂತ ಕೇಳಿ. ಆಗ ನಿಜವಾದ ವಿಷಯ ಹೊರಬರುತ್ತದೆ: ಹೊಸ ಚೀಟಿಗಳಿಗೆ ನಂಬರ್ ಬೀಳುತ್ತಿದೆ. ಆದರೆ ಹಳೆಯ ಆ್ಯಪ್‌ನಲ್ಲಿ ಮಾಡಿದ, ನೆಟ್ ಇಲ್ಲದೆ ಇನ್ನೂ ಫೋನಿನಲ್ಲೇ ಕೂತಿರುವ ಚೀಟಿಗಳಿಗೆ ನಂಬರ್ ಇಲ್ಲ. ಆ್ಯಪ್ ಅಪ್‌ಡೇಟ್ ಆದಾಗ ಅವುಗಳಿಗೂ ಒಂದು ಸಲ ನಂಬರ್ ಹಾಕಿ ಉಳಿಸಬೇಕು, ಆಮೇಲೆ ಕಳಿಸಬೇಕು. ಇದು ಯಾರಿಗೂ ಮೊದಲು ಹೊಳೆದಿರಲಿಲ್ಲ. ಈಗ ಬರೆಯುವುದು ಹೀಗೆ:

```
ವಾರ: ನವೆಂಬರ್ 17–21
ಡಬಲ್ ಚೀಟಿ: ಹಳದಿ. ಶುಕ್ರ 21 → ಬುಧ 26.
  ಕಾರಣ: ಹಳೆಯ ಆ್ಯಪ್‌ನಲ್ಲಿ ಉಳಿದ ಚೀಟಿಗೂ ನಂಬರ್
  ಬೇಕು ಅಂತ ಶುಕ್ರವಾರ ಗೊತ್ತಾಯಿತು.
  ಉಳಿದದ್ದು: ಮೊಬೈಲ್ ಸೋಮ 24, ಟೆಸ್ಟ್ ಬುಧ 26.
ಪ್ರಿಂಟರ್: ಕೆಂಪು. 14ರಿಂದ ಉತ್ತರವಿಲ್ಲ.
  ಮ್ಯಾನೇಜರ್ ಮಾಡಬೇಕಾದ್ದು: ಮಂಗಳ 25ರೊಳಗೆ ಬೇರೆ
  ಪ್ರಿಂಟರ್ ತರಿಸಲು ಒಪ್ಪಿಗೆ.
ಉಳಿದ ಕೆಲಸ: ಹಸಿರು.
```

ಹಳೆಯ ದಿನಾಂಕವನ್ನು ಅಳಿಸದೆ ಪಕ್ಕದಲ್ಲೇ ಹೊಸದು ಬರೆದಿದೆ, ನೋಡಿ. ಇದನ್ನು ಕಡ್ಡಾಯ ಮಾಡಿ. ಹಳೆಯದನ್ನು ಅಳಿಸಿ ಹೊಸದು ಹಾಕುತ್ತಾ ಹೋದರೆ ಪ್ರತಿ ವಾರವೂ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ರಿಲೀಸ್ ಮಾತ್ರ ಆಗುವುದಿಲ್ಲ.

ಬಣ್ಣಗಳಿಗೂ ಮೊದಲೇ ಅರ್ಥ ನಿಶ್ಚಯ ಮಾಡಿ. ಹೇಳಿದ ದಿನಕ್ಕೆ ಆಗುತ್ತದೆ ಅಂದರೆ ಹಸಿರು. ದಿನ ಜಾರಿದೆ, ಆದರೆ ಟೀಮೇ ಸರಿಮಾಡಿಕೊಳ್ಳುತ್ತದೆ ಅಂದರೆ ಹಳದಿ. ಹೊರಗಿನವರು ಏನಾದರೂ ಮಾಡದೆ ಮುಂದೆ ಹೋಗುವುದಿಲ್ಲ ಅಂದರೆ ಕೆಂಪು. ಕೆಂಪು ಸಾಲಿನ ಕೆಳಗೆ ಯಾರು ಏನು ಮಾಡಬೇಕು ಅಂತ ಇಲ್ಲದಿದ್ದರೆ ಆ ಬಣ್ಣ ಹಾಕಿ ಪ್ರಯೋಜನ ಇಲ್ಲ. ಹಸಿರು ಇರುವುದನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿ. ಕಷ್ಟಪಟ್ಟು ಕೆಲಸ ಮಾಡಿದವರಿಗೆ ಇದು ಬೇಸರ ತರಬಹುದು. ಅವರ ಕೆಲಸವನ್ನು ಕಾಲ್‌ನಲ್ಲೇ ಬಾಯಿತುಂಬಾ ಹೇಳಿ, ಮೆಚ್ಚಿ. ಬರೆದದ್ದು ಮಾತ್ರ ಚಿಕ್ಕದಾಗಿರಲಿ.

## ಕೆಡುತ್ತಿದೆ ಅಂತ ತಿಳಿಯುವುದು ಹೇಗೆ

ಒಂದೇ ಸಾಲು ಮೂರನೇ ವಾರವೂ ಹಾಗೇ ಮುಂದೆ ಬಂದರೆ ನಾಲ್ಕನೇ ಸಲ ನಕಲು ಮಾಡಬೇಡಿ. ಕೆಲಸ ದೊಡ್ಡದಾಗಿದ್ದರೆ ಒಡೆಯಿರಿ. ಯಾರಿಗೂ ಬೇಕಿಲ್ಲದಿದ್ದರೆ "ಕೈಬಿಟ್ಟಿದ್ದೇವೆ" ಅಂತ ಬರೆದು ಮುಗಿಸಿ. ನಿಮ್ಮ ಕೈಮೀರಿದ್ದಾದರೆ ಕೆಂಪು ಮಾಡಿ ಮೇಲಿನವರ ಹೆಸರು ಹಾಕಿ.

"ಮೊನ್ನೆ ಏನ್ ತೀರ್ಮಾನ ಆಯ್ತು?" ಅಂತ ಚಾಟ್‌ನಲ್ಲಿ ಪದೇ ಪದೇ ಕೇಳುತ್ತಿದ್ದರೆ ಮಿನಿಟ್ಸ್ ಓದುತ್ತಿಲ್ಲ, ಅಥವಾ ಓದಿದರೂ ಸಿಗುತ್ತಿಲ್ಲ. ಬಾಯಲ್ಲಿ ಉತ್ತರ ಕೊಡುವ ಬದಲು ಆ ಸಾಲನ್ನೇ ಅಲ್ಲಿ ಹಾಕಿ. ಸಾಲು ಇಲ್ಲವಾದರೆ ಏನು ತಪ್ಪಿಹೋಗಿತ್ತು ಅಂತ ಗೊತ್ತಾಯಿತು.

ಇನ್ನೊಂದು ಲಕ್ಷಣ ಸ್ವಲ್ಪ ಸೂಕ್ಷ್ಮ. ಜನ ಕಾಲ್‌ನಲ್ಲಿ ಅಡಚಣೆ ಹೇಳುವುದನ್ನೇ ನಿಲ್ಲಿಸುತ್ತಾರೆ, ಎಲ್ಲರದ್ದೂ "ನಡೀತಿದೆ" ಅನ್ನುವ ಉತ್ತರ. ಆಗ ಹಳೆಯ ಮಿನಿಟ್ಸ್ ತೆಗೆದು ಓದಿ. "ಮೊಬೈಲ್‌ನವರು ತಡ ಮಾಡಿದ್ದರಿಂದ ಟೆಸ್ಟ್ ನಿಂತಿದೆ" ಅನ್ನುವಂಥ ಸಾಲು ಎಲ್ಲೋ ಇರುತ್ತದೆ. "ಟೆಸ್ಟ್ KP-143ಕ್ಕೆ ಕಾಯುತ್ತಿದೆ" ಅಂದರೂ ವಿಷಯ ಅದೇ. ಮೊದಲನೆಯದು ಮ್ಯಾನೇಜರ್ ಕಣ್ಣಿಗೆ ಬಿದ್ದಾಗ ಒಬ್ಬರ ಮೇಲೆ ದೂರಾಗುತ್ತದೆ, ಎರಡನೆಯದು ಆಗುವುದಿಲ್ಲ.

ಹೇಳುವುದಕ್ಕೆ ಏನೂ ಇಲ್ಲದ ದಿನವೂ ಬರುತ್ತದೆ. ತೀರ್ಮಾನ ಇಲ್ಲ, ಹೊಸ ಅಡಚಣೆ ಇಲ್ಲ. ಆಗ ದಿನಾಂಕ ಹಾಕಿ "ಹೊಸದೇನಿಲ್ಲ" ಅಂತ ಒಂದು ಸಾಲು ಕಳಿಸಿ. ಅದನ್ನೂ ಕಳಿಸದಿದ್ದರೆ ಗೋಣಿಕೊಪ್ಪದಲ್ಲಿ ಕರೆಂಟ್ ಬಂದ ಮೇಲೆ ಫೋನ್ ನೋಡುವವರಿಗೆ, ನಿಜವಾಗಿಯೂ ಏನೂ ಇರಲಿಲ್ಲವೋ ಅಥವಾ ಮೆಸೇಜೇ ಬಂದು ಮುಟ್ಟಲಿಲ್ಲವೋ ಅಂತ ತಿಳಿಯುವುದಿಲ್ಲ.